ಜುಲೈ ತಿಂಗಳಿನಲ್ಲಿ ಯಾವ ಮೀನು

ನನಗೆ ಯಾರನ್ನೂ ಕ್ಷಮಿಸಿ ಅಭ್ಯಾಸವಿಲ್ಲ. ವಯಸ್ಸಾದಂತೆ ಮನಸ್ಸು ಮೆತ್ತಗಾಗುತ್ತದೆ ಎಂದು ಎಷ್ಟೋ ಜನ ಹೇಳಿದ್ದಾರೆ, ನನ್ನದು ಆಗಿಲ್ಲ. "ನಿನ್ನ ಸಿಟ್ಟು ಉಪ್ಪಿನಕಾಯಿ ಜಾಡಿ ಇದ್ದ ಹಾಗೆ, ಇಟ್ಟಷ್ಟೂ ಖಾರ ಏರ್ತದೆ" ಎಂದು ಅಮ್ಮ ಅಲೆವೂರಿನ ಮನೆಯ ಜಗಲಿಯಲ್ಲಿ ಕೂತು ಬೈಯುತ್ತಿದ್ದಳು. "ಹಾಗಾದ್ರೆ ಮುಚ್ಚಳ ತೆಗೀಬೇಡ" ಎನ್ನುತ್ತಿದ್ದೆ ನಾನು.

ಆ ಜಾಡಿಯೊಳಗೆ ಇದ್ದದ್ದು ಒಬ್ಬನೇ ಮನುಷ್ಯ.

ಇಪ್ಪತ್ತು ವರ್ಷಗಳ ಹಿಂದೆ ಮಣಿಪಾಲದಲ್ಲಿ ಒಂದು ಹಾಸ್ಟೆಲ್ ಕಟ್ಟಡದ ಕೆಲಸ ನಡೆಯುತ್ತಿತ್ತು. ಅವನು ಪ್ರಾಜೆಕ್ಟ್ ಮ್ಯಾನೇಜರ್, ನಾನು ಪ್ಲಾನಿಂಗ್ ಇಂಜಿನಿಯರ್. ಯಾವ ಕೆಲಸ ಯಾವಾಗ ಶುರುವಾಗಬೇಕು, ಯಾವುದು ಮುಗಿಯದೆ ಯಾವುದು ಆಗದು ಎಂದು ಲೆಕ್ಕ ಹಾಕಿ ಪಟ್ಟಿ ಎಳೆಯುವುದು ನನ್ನ ಕೆಲಸ. ನಮ್ಮ ಗಾರೆಯವರೆಲ್ಲ ಘಟ್ಟದ ಮೇಲಿನವರು. ಮಳೆ ಹನಿಯುವ ಮೊದಲೇ ಬಿತ್ತನೆಗೆ ಊರಿಗೆ ಹೊರಟುಬಿಡುವವರು. ಅವರು ಹೋಗುವುದರೊಳಗೆ ಮೇಲಿನ ಸ್ಲ್ಯಾಬ್ ಆಗುವುದಿಲ್ಲ ಎಂದು ನಾನು ಹೇಳಿದೆ, ವರದಿಯಲ್ಲಿ ಅಪಾಯದ ಕೆಂಪು ಬಣ್ಣ ಹಾಕಿದೆ. ಅವನು ನಕ್ಕು, "ಹಸಿರು ಹಾಕು ಮಾರಾಯ್ತಿ. ಮಾಲಕರಿಗೆ ಕೆಂಪು ಕಂಡ್ರೆ ಆಗುದಿಲ್ಲ" ಎಂದ. ನಾನು ಹಾಕಲಿಲ್ಲ. ತಾನೇ ಕೂತು ದಿನಾಂಕ ತಿದ್ದಿ, ಹಸಿರು ಬಳಿದು ಕಳಿಸಿದ.

ಮಳೆ ಬಂತು. ಗಾರೆಯವರು ಹೋದರು. ಸ್ಲ್ಯಾಬ್ ಆಗಲಿಲ್ಲ. ಮಾಲಕರು ಸಭೆ ಕರೆದಾಗ ಅವನು ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿದ. "ಪ್ಲಾನಿಂಗ್ ಮಾಡಿದ್ದು ಇವಳು. ಕೇಳಿ, ಇವಳನ್ನೇ ಕೇಳಿ." ಆದರೆ ಯಾರೂ ಕೇಳಲಿಲ್ಲ. ಎಲ್ಲರೂ ನನ್ನನ್ನು ನೋಡಿದರು, ಅಷ್ಟೇ. ನನ್ನ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಅದೇ ಸಂಜೆ ಕೆಲಸ ಹೋಯಿತು, ನನ್ನ ಟಿಫಿನ್ ಡಬ್ಬಿ, ಛತ್ರಿ, ಒಂದು ಕ್ಯಾಲ್ಕುಲೇಟರ್ ಹಿಡಿದುಕೊಂಡು ಬಸ್ಸು ಹತ್ತಿದೆ. ಉಡುಪಿಯಿಂದ ಕಾರ್ಕಳದವರೆಗೆ ಕಂಟ್ರಾಕ್ಟರುಗಳೆಲ್ಲ ಒಬ್ಬರಿಗೊಬ್ಬರು ಪರಿಚಯದವರೇ. "ಆ ಹುಡುಗಿಯಾ? ಮಳೆಗಾಲ ಯಾವಾಗ ಬರ್ತದೆ ಅಂತ ಗೊತ್ತಿಲ್ಲದವಳು" ಎಂಬ ಮಾತು ನನಗಿಂತ ಮೊದಲೇ ಎಲ್ಲ ಆಫೀಸುಗಳಿಗೆ ತಲುಪುತ್ತಿತ್ತು. ಪಡುವಣ ಕರಾವಳಿಯಲ್ಲೇ ಹುಟ್ಟಿ ಬೆಳೆದವಳಿಗೆ ಮಳೆಗಾಲ ಗೊತ್ತಿಲ್ಲವಂತೆ! ಆ ಮಾತು ಈಗ ನೆನೆದರೂ ಮೈ ಉರಿಯುತ್ತದೆ.

ವರ್ಷಗಟ್ಟಲೆ ಮನೆಯಲ್ಲಿ ಟ್ಯೂಷನ್ ಮಾಡಿಕೊಂಡು, ಓದಿ, ಪರೀಕ್ಷೆ ಬರೆದು, ಕೊನೆಗೆ ನಾನು ಸ್ವತಂತ್ರ ಪರಿಶೀಲಕಿಯಾದೆ. ಮನುಷ್ಯರಿಗೆ ಹೆಲ್ತ್ ಚೆಕ್ ಇದ್ದ ಹಾಗೆ ಪ್ರಾಜೆಕ್ಟುಗಳಿಗೂ ಒಂದು ಉಂಟು. ಕೆಲಸ ನಡೆಯುತ್ತಿರುವಾಗಲೇ ಹೊರಗಿನವರೊಬ್ಬರು ಬಂದು ನಾಡಿ ಹಿಡಿದು ನೋಡುವುದು. ಯೋಜನೆ ನಿಜವೋ, ಖರ್ಚು ಎಲ್ಲಿಗೆ ಮುಟ್ಟೀತು, ತಂಡದಲ್ಲಿ ಜನ ಇದ್ದಾರೋ ಹೆಸರು ಮಾತ್ರ ಇದೆಯೋ. ನಾವು ಏನನ್ನೂ ರಿಪೇರಿ ಮಾಡುವವರಲ್ಲ. ಕೇಳುವವರು. ನನ್ನ ಬಾಯಿಗೆ ಹೇಳಿ ಮಾಡಿಸಿದ ಕೆಲಸ.

ಹೋದ ಬೇಸಿಗೆಯಲ್ಲಿ ಮಲ್ಪೆಯ ಮೀನುಗಾರರ ಸಹಕಾರ ಸಂಘವೊಂದರ ಅಧ್ಯಕ್ಷರು ಫೋನ್ ಮಾಡಿದರು. ಬೋಟಿನ ಮಾಲಕರು, ಗಟ್ಟಿ ದನಿ. ಕಾಪುವಿನ ಬಳಿ ಸಂಘ ಒಂದು ದೊಡ್ಡ ಫ್ರೀಜಿಂಗ್ ಪ್ಲಾಂಟ್ ಕಟ್ಟಿಸುತ್ತಿದೆ, ವರದಿಗಳೆಲ್ಲ ಹಸಿರಾಗಿಯೇ ಬರುತ್ತಿವೆ, ಆದರೂ ಬ್ಯಾಂಕಿನವರು ಹೊರಗಿನವರಿಂದ ಒಮ್ಮೆ ತಪಾಸಣೆ ಆಗಬೇಕು ಅನ್ನುತ್ತಿದ್ದಾರೆ ಎಂದರು. ನಾನು ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತಿದ್ದೆ. ಮ್ಯಾನೇಜರ್ ಯಾರು ಎಂದು ಕೇಳಿದೆ. ಹೆಸರು ಹೇಳಿದರು. ಕೈಯಲ್ಲಿದ್ದ ಬಸಳೆ ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು, ದೇವರೇ, ನೀನು ಇದ್ದೀಯಾ ಮಾರಾಯ, ಎಂದುಕೊಂಡೆ.

ಆದರೆ ಕಳ್ಳತನದಲ್ಲಿ ಮುಯ್ಯಿ ತೀರಿಸಲು ನನಗೆ ಇಷ್ಟವಿರಲಿಲ್ಲ. ಪರಿಶೀಲಕರಿಗೂ ಪರಿಶೀಲನೆಗೆ ಒಳಗಾಗುವವರಿಗೂ ಹಿಂದೆ ಏನಾದರೂ ನಡೆದಿದ್ದರೆ ಮೊದಲೇ ತಿಳಿಸಬೇಕು. ಅದು ನಮ್ಮ ವೃತ್ತಿಯ ಮೊದಲ ಮರ್ಯಾದೆ. ಮಲ್ಪೆಯ ಸಂಘದ ಆಫೀಸಿಗೆ ಹೋಗಿ ಅಧ್ಯಕ್ಷರ ಎದುರು ಕೂತು ಎಲ್ಲ ಹೇಳಿದೆ. "ಇವರು ನನ್ನ ಹಳೆಯ ಮ್ಯಾನೇಜರು. ನನ್ನನ್ನು ಕೆಲಸದಿಂದ ತೆಗೆಸಿದವರು. ನನಗೆ ಇವರ ಮೇಲೆ ಸಿಟ್ಟುಂಟು. ನಿಮಗೂ ಅವರಿಗೂ ಬೇಡ ಅಂತ ಕಂಡ್ರೆ ಬೇರೆಯವರನ್ನು ಕರೀರಿ." ಅದನ್ನೇ ಬರೆದೂ ಕೊಟ್ಟೆ.

ಅಧ್ಯಕ್ಷರು ಅಲ್ಲೇ ಅವನಿಗೆ ಫೋನ್ ಹಚ್ಚಿದರು. ಆ ಕಡೆಯ ನಗು ಮೇಜಿನಾಚೆ ಕೂತ ನನಗೂ ಕೇಳಿಸಿತು. "ಅವಳಾ? ನನ್ನ ಕೈಯಡಿ ಕೆಲಸ ಕಲ್ತವಳು ಅದು! ಒಳ್ಳೇದೇ ಆಯ್ತಲ್ಲ. ಬರ್ಲಿ, ಬರ್ಲಿ, ನನ್ನದೇನೂ ಅಡ್ಡಿ ಇಲ್ಲ."

ಹೀಗೆ ನನ್ನನ್ನು ಒಳಗೆ ಬಿಟ್ಟವನು ಅವನೇ.

ಪ್ಲಾಂಟಿನ ಕಟ್ಟಡ ಮುಕ್ಕಾಲು ಎದ್ದಿತ್ತು. ತಾರಸಿ ಹತ್ತಿದರೆ ಒಂದು ಕಡೆ ಸಮುದ್ರ, ದಕ್ಷಿಣಕ್ಕೆ ದೂರದಲ್ಲಿ ನಂದಿಕೂರಿನ ವಿದ್ಯುತ್ ಸ್ಥಾವರದ ಹೊಗೆ ಕೊಳವೆ. ಅವನ ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು, ನಗು ಮಾತ್ರ ಅದೇ. "ಎಂತ ಮಾರಾಯ್ತಿ, ದೊಡ್ಡ ಜನ ಆಗಿದ್ದೀಯಲ್ಲ!" ಎಂದು ಎಳನೀರು ತರಿಸಿದ. ಕುಡಿದೆ. ಬೆಣ್ಣೆ ಹಚ್ಚಲಿ, ಹಚ್ಚುವಷ್ಟು ಹಚ್ಚಲಿ, ಎಂದುಕೊಂಡು ಪೆನ್ನು ತೆಗೆದೆ.

"ಇದುವರೆಗೆ ಎಷ್ಟು ಖರ್ಚಾಗಿದೆ?" ಥಟ್ಟನೆ ಹೇಳಿದ. ಆ ಉತ್ತರ ಎಲ್ಲರಿಗೂ ಬಾಯಿಪಾಠ. "ಮುಗಿಸಲು ಇನ್ನೆಷ್ಟು ಬೇಕು?" ಎಂದೆ. "ಬಜೆಟ್ಟಿನಲ್ಲಿ ಉಳಿದಿರುವಷ್ಟು" ಎಂದ. "ಉಳಿದಿರುವುದು ಎಷ್ಟು ಅಂತ ನಾನು ಕೇಳಲಿಲ್ಲ. ಮಾಡಲಿಕ್ಕೆ ಬಾಕಿ ಇರುವ ಕೆಲಸವನ್ನು ಇವತ್ತಿನ ದರದಲ್ಲಿ ಹೊಸದಾಗಿ ಲೆಕ್ಕ ಹಾಕಿದ್ದೀರಾ?" ಹಾಕಿರಲಿಲ್ಲ. ಅನಿರೀಕ್ಷಿತಕ್ಕೆಂದು ತೆಗೆದಿಟ್ಟ ಹಣದಲ್ಲಿ ಬಹುಪಾಲು ಆಗಲೇ ಕರಗಿತ್ತು, ಕಷ್ಟದ ಕೆಲಸವೆಲ್ಲ ಮುಂದಿತ್ತು.

"ಶೀತಲೀಕರಣದ ಇಂಜಿನಿಯರ್ ಪೂರ್ತಿ ಸಮಯ ಇಲ್ಲೇ ಇರುವವರಾ?" ಹೌದು ಎಂದ. ಆ ಇಂಜಿನಿಯರನ್ನೇ ಆಮೇಲೆ ಕೇಳಿದರೆ, ಗೋವಾದಲ್ಲೊಂದು ಕೆಲಸ, ಮಂಗಳೂರಲ್ಲೊಂದು, ನಡುವೆ ಬಿಡುವಾದರೆ ಇಲ್ಲಿ. ಅಪಾಯಗಳ ಪಟ್ಟಿ ಕೇಳಿದೆ. ಕೆಲಸ ಶುರುವಾದಾಗ ಬರೆದದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಇಷ್ಟರಲ್ಲೇ ಹಸಿರು ಹಳದಿಯಾಗಿತ್ತು. ಹಳದಿಗೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲವಲ್ಲ!

ಕೊನೆಗೆ ಕೇಳಿದೆ: "ಪ್ಲಾನಿನಲ್ಲಿ ದಿನಾಂಕ ಬದಲಿಸುವ ಅಧಿಕಾರ ಯಾರಿಗುಂಟು?"

ಅವನು ಕುರ್ಚಿಯಲ್ಲಿ ಹಿಂದೆ ಒರಗಿದ. "ನನಗೆ. ನನ್ನನ್ನು ಕೇಳದೆ ಇಲ್ಲಿ ಒಂದು ದಿನವೂ ಅಲುಗಾಡುದಿಲ್ಲ." ಎಷ್ಟು ಹೆಮ್ಮೆಯಿಂದ ಹೇಳಿದ ಅಂದರೆ, ನನಗೆ ಮುದ್ದು ಬಂತು.

ಮಾರನೆಯ ದಿನ ಪ್ಲಾನಿಂಗ್ ಇಂಜಿನಿಯರನ್ನು ಕರೆದೆ. ನಲವತ್ತು ದಾಟಿದ ಗಂಡಸು, ಕಾರ್ಕಳದವರು. ಬಹಳ ವರ್ಷ ದುಬೈಯಲ್ಲಿದ್ದು, ಸಾಕಪ್ಪ ಎಂದು ಊರಿಗೆ ಬಂದು ಸೇರಿದ ಮೊದಲ ಕೆಲಸ ಇದು. ಹೆಂಡತಿ ಕಾರ್ಕಳದಲ್ಲಿ ಟೀಚರು. ಅವರ ಹಿಂದೆಯೇ ಮ್ಯಾನೇಜರೂ ಬಂದು ಕುರ್ಚಿ ಎಳೆದುಕೊಂಡ. "ನೀವು ಹೊರಗಿರಬೇಕು, ಒಬ್ಬೊಬ್ಬರೇ ಮಾತಾಡುವುದು ನಿಯಮ" ಎಂದೆ. "ನಾನೆಂತ ಹುಲಿಯಾ?" ಎಂದು ನಗುತ್ತ ಎದ್ದು ಹೋದ. ಬಾಗಿಲು ನಾನೇ ಮುಚ್ಚಿದೆ.

ಪ್ಲಾನನ್ನು ಮೇಜಿನ ಮೇಲೆ ಹರವಿದ್ದೆ. ಉದ್ದದ ಹಾಳೆ, ಬಣ್ಣಬಣ್ಣದ ಪಟ್ಟಿಗಳು. ಎಲ್ಲಕ್ಕಿಂತ ಕೊನೆಯ ಗೆರೆ ಉದ್ಘಾಟನೆ. ಆಷಾಢದ ಹಾಗೆ ತುಳುವರ ಆಟಿ ತಿಂಗಳಲ್ಲೂ ಶುಭಕಾರ್ಯ ಆಗದು ಎಂದು ಸಮಿತಿಯವರು ಜೋಯಿಸರನ್ನು ಕೇಳಿ, ಆಟಿ ಕಳೆದ ಕೂಡಲೇ ಆಗಸ್ಟಿನಲ್ಲಿ ಮುಹೂರ್ತ ಇಟ್ಟಿದ್ದರು. ಅದರ ಬಗ್ಗೆ ಇಡೀ ಒಂದು ಸಭೆ ಚರ್ಚೆ ನಡೆದಿತ್ತಂತೆ. ಅದರ ಮೇಲಿನ ಗೆರೆಯ ಮೇಲೆ ನಾನು ಬೆರಳಿಟ್ಟೆ. ಫ್ರೀಜರಿನ ಭರ್ತಿ ಪರೀಕ್ಷೆ. ಎಂದರೆ ಯಂತ್ರದ ತುಂಬ ಹಸಿ ಮೀನು ತುಂಬಿ, ಹೇಳಿದ ಹೊತ್ತಿನೊಳಗೆ ಅದು ಹೆಪ್ಪುಗಟ್ಟುತ್ತದೋ ನೋಡುವುದು. ಅದು ಪಾಸಾದರೆ ಮಾತ್ರ ಯಂತ್ರ ಕೊಟ್ಟವರ ಗ್ಯಾರಂಟಿ. ಅದನ್ನು ಇಟ್ಟದ್ದು ಜುಲೈ ತಿಂಗಳಿಗೆ.

"ಜುಲೈಯಲ್ಲಿ ಯಾವ ಮೀನು?" ಎಂದೆ.

ಅವರು ತಲೆ ತಗ್ಗಿಸಿದರು. ಜೂನ್ ಮತ್ತು ಜುಲೈ ಇಡೀ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಮಲ್ಪೆಯ ಬಂದರು ಧಕ್ಕೆಯಲ್ಲಿ ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಕರಾವಳಿಯಲ್ಲಿ ಮೀನು ತಿನ್ನದವರಿಗೂ ಗೊತ್ತಿರುವ ಸಂಗತಿ.

"ನಾನು ಭರ್ತಿ ಪರೀಕ್ಷೆಯನ್ನು ಸೆಪ್ಟೆಂಬರಿಗೆ, ಉದ್ಘಾಟನೆಯನ್ನು ಅಕ್ಟೋಬರಿಗೆ ಇಟ್ಟಿದ್ದೆ ಮೇಡಂ," ಎಂದರು ಮೆಲ್ಲಗೆ. "ಅಧ್ಯಕ್ಷರ ಮುಖ ಸಪ್ಪಗಾಗ್ತದೆ ಅಂತ ಇವರು ಉದ್ಘಾಟನೆ ಆಗಸ್ಟಿಗೆ ಹಿಂದೆ ತಂದ್ರು. ಅಲ್ಲಿಂದ ಲೆಕ್ಕ ಹಿಂದೆ ಬಂದಾಗ ಪರೀಕ್ಷೆ ಜುಲೈಗೆ ಬಿತ್ತು. ಹೇಳಿದೆ ನಾನು. 'ಆಗ ನೋಡುವ, ನೀನು ಹಸಿರು ಹಾಕು' ಅಂದ್ರು."

ಅದೇ ಮಾತು! ಇಪ್ಪತ್ತು ವರ್ಷದಲ್ಲಿ ಹೊಸದೊಂದು ಮಾತು ಕಲಿಯುವಷ್ಟೂ ತ್ರಾಣ ಇರಲಿಲ್ಲವೇ ಇವನಿಗೆ?

"ನಾನು ಹೇಳಿದ್ದು ಅಂತ ಗೊತ್ತಾದ್ರೆ ನನ್ನ ಕತೆ ಮುಗೀತು," ಎಂದರು ಅವರು. "ಈಗಾಗಲೇ ಎಲ್ಲರ ಹತ್ರ, ಪ್ಲಾನಿಂಗ್ ಸರಿ ಇಲ್ಲ, ದುಬೈಯವನಿಗೆ ಇಲ್ಲಿಯದ್ದು ತಿಳಿಯುದಿಲ್ಲ ಅಂತ ಹೇಳ್ತಾ ಇದ್ದಾರೆ. ಇಲ್ಲಿಂದ ಹೋದ್ರೆ ನನಗೆ ಮತ್ತೆ ದುಬೈಯೇ ಮೇಡಂ. ನನ್ನ ಮಗಳು ಈಗಷ್ಟೇ ನನ್ನ ಹತ್ರ ಬಂದು ಕೂರ್ಲಿಕ್ಕೆ ಶುರು ಮಾಡಿದ್ದಾಳೆ."

ಗೂಬೆ ಯಾರ ತಲೆಯ ಮೇಲೆ ಕೂರಲಿದೆ ಎಂಬುದು ಆಗಲೇ ನಿಶ್ಚಯವಾಗಿತ್ತು. ನಾನು ಅವರಿಗೆ ಮಾತು ಕೊಟ್ಟೆ: ಈ ಕೋಣೆಯಲ್ಲಿ ಯಾರು ಏನು ಹೇಳಿದರೆಂದು ಹೊರಗೆ ಬರುವುದಿಲ್ಲ. ಅದು ಕೂಡ ನಿಯಮವೇ. ಆದರೆ ಅವನನ್ನು ಹಿಡಿಯಲು ಬೇಕಾದ ಸಾಕ್ಷಿ ಈ ಒಬ್ಬರ ಬಾಯಿಯಲ್ಲಿತ್ತು, ಆ ಬಾಯಿಗೆ ನಾನೇ ಬೀಗ ಹಾಕಿದ್ದೆ. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ. ಆ ತೊಳೆಯುವ ಹೊತ್ತಿಗೇ ಹೊಳೆದದ್ದು: ಅವನ ವಿರುದ್ಧ ಸಾಕ್ಷಿ ಬೇರೆ ಯಾರದೂ ಬೇಡ. ಅವನದೇ ಸಾಕು. ಪ್ರಶ್ನೆಗಳನ್ನು ಸರಿಯಾದ ಸಾಲಿನಲ್ಲಿ ಇಡಬೇಕು, ಅಷ್ಟೇ.

ಕರಡು ವರದಿಯನ್ನು ಸಭೆಗೆ ಮೊದಲೇ ಅವನಿಗೆ ಕಳಿಸಿದೆ. ಸಂಗತಿಗಳಲ್ಲಿ ತಪ್ಪಿದ್ದರೆ ತಿದ್ದಲು ಮ್ಯಾನೇಜರಿಗೆ ಅವಕಾಶ ಕೊಡಬೇಕು. ಭರ್ತಿ ಪರೀಕ್ಷೆ ನಿಷೇಧದ ಕಾಲದಲ್ಲಿ ಬರುತ್ತದೆ ಎಂದು ಅದರಲ್ಲಿ ದಪ್ಪಕ್ಷರದಲ್ಲೇ ಇತ್ತು. ಯಾರು ಹೇಳಿದರು ಎಂದಿರಲಿಲ್ಲ. ಪ್ಲಾನ್ ನೋಡಿದ ಯಾರಿಗೂ ಕಾಣುವ ವಿಷಯ ಅದು. ಅದೇ ಸಂಜೆ ಫೋನ್ ಬಂತು.

"ಎಂತದು, ಕೆಂಪು ಹಾಕಿದ್ದೀ? ಹಳದಿ ಮಾಡು ಮಾರಾಯ್ತಿ. ನಮ್ಮ ಹುಡುಗಿ ಅಂತ ತಾನೇ ಒಪ್ಪಿದ್ದು?"

"ಸಂಗತಿ ಯಾವುದಾದ್ರೂ ತಪ್ಪುಂಟಾ ಸರ್?"

"ಸಂಗತಿ ಬಿಡು. ಪ್ಲಾನಿಂಗಿನವನದು ಎಡವಟ್ಟು ಅದು. ಅವನದ್ದು ನಾನು ನೋಡ್ಕೊಳ್ತೇನೆ. ಬಣ್ಣ ಬದಲಿಸು."

"ಸಭೆಯಲ್ಲಿ ಹೇಳಿ ಸರ್," ಎಂದೆ. ಎಷ್ಟು ಸವಿಯಾಗಿ ಹೇಳಿದೆನೆಂದರೆ ಪಕ್ಕದಲ್ಲಿದ್ದ ಗಂಡ ತಿರುಗಿ ನೋಡಿದರು.

ಸಭೆ ಮಲ್ಪೆಯಲ್ಲಿ, ಸಂಘದ ಮಹಡಿಯ ಮೇಲೆ. ಸಮಿತಿಯವರು ಹೆಚ್ಚಿನವರೂ ಬೋಟಿನ ಮಾಲಕರು, ಬ್ಯಾಂಕಿನವರೊಬ್ಬರು. ಒಂದು ಬದಿಗೆ ಅವನು, ಅವನ ಹಿಂದೆ ಪ್ಲಾನಿಂಗ್ ಇಂಜಿನಿಯರ್, ಮೋರೆ ಬಿಳಿಚಿಕೊಂಡು. ಕಿಟಕಿಯಿಂದ ಮೀನಿನ ವಾಸನೆ, ಐಸ್ ಪುಡಿ ಮಾಡುವ ಸದ್ದು.

ಖರ್ಚು, ತಂಡ, ಅಪಾಯದ ಪಟ್ಟಿ ಎಲ್ಲ ಹೇಳಿ ಮುಗಿಸಿದೆ. ಆಮೇಲೆ ಅವನ ಕಡೆ ತಿರುಗಿ, "ಸರ್, ಸಮಿತಿಗೆ ಸ್ಪಷ್ಟವಾಗಲಿ ಅಂತ ಕೇಳ್ತೇನೆ. ಪ್ಲಾನಿನಲ್ಲಿ ದಿನಾಂಕ ಬದಲಿಸುವ ಅಧಿಕಾರ ಯಾರಿಗುಂಟು?" ಎಂದೆ.

ಬೋಟಿನ ಮಾಲಕರೆಲ್ಲ ಅವನನ್ನು ನೋಡಿದರು. ತುಂಬಿದ ಸಭೆ, ಎದುರಿಗೆ ಅಧ್ಯಕ್ಷರು, ಅವನಿಗೆ ತಡೆಯಲಾಗಲಿಲ್ಲ. "ನನಗೇ. ನನ್ನನ್ನು ಕೇಳದೆ ಒಂದು ದಿನವೂ ಅಲುಗಾಡುದಿಲ್ಲ. ನಾನು ಪ್ರತಿ ಗೆರೆಯನ್ನೂ ನೋಡಿಯೇ ಬಿಡುದು."

"ಥ್ಯಾಂಕ್ಸ್," ಎಂದೆ. ಪ್ಲಾನನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟೆ. ಜುಲೈಯ ಗೆರೆಯೊಂದನ್ನೇ ದೊಡ್ಡದು ಮಾಡಿದೆ. "ಇದು ಫ್ರೀಜರಿಗೆ ಮೀನು ತುಂಬಿ ಮಾಡುವ ಪರೀಕ್ಷೆ. ಜುಲೈ ತಿಂಗಳಿನಲ್ಲಿ ಯಾವ ಮೀನು, ಸರ್?"

ಹಿಂದಿನ ಸಾಲಿನಿಂದ ಒಬ್ಬರು, "ಅಯ್ಯೋ ದೇವರೇ!" ಎಂದರು. ಇನ್ನೊಬ್ಬರು ನಗಲು ಹೋಗಿ ಅರ್ಧಕ್ಕೇ ನಿಂತರು. ಯಾಕೆಂದರೆ ಅದೇ ಪ್ಲಾನಿಗೆ ಅವರೆಲ್ಲ ಕೈ ಎತ್ತಿ ಒಪ್ಪಿಗೆ ಕೊಟ್ಟವರು. ಹುಟ್ಟಿದಲ್ಲಿಂದ ಕಡಲಲ್ಲೇ ಇದ್ದವರು, ಉದ್ಘಾಟನೆಯ ಗೆರೆಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ಓದಿರಲಿಲ್ಲ. ಅಧ್ಯಕ್ಷರ ಮುಖ ಕೆಂಪಗಾಯಿತು.

"ನೀರು ತುಂಬಿದ ಟ್ರೇ ಇಟ್ಟೂ ಮಾಡಬಹುದು," ಎಂದ ಅವನು.

"ಯಂತ್ರದವರನ್ನು ಕೇಳಿದ್ದೇನೆ. ಒಪ್ಪಂದದಲ್ಲಿರುವುದು ಮೀನು. ನೀರಿಗೆ ಅವರು ಗ್ಯಾರಂಟಿ ಕೊಡುವುದಿಲ್ಲ."

"ಹಾಗಾದ್ರೆ ಆಂಧ್ರದಿಂದ ಲೋಡು ತರಿಸುವ."

"ಅದಕ್ಕೆ ಖರ್ಚು, ಲಾರಿ, ದಿನ ಯಾವುದೂ ಪ್ಲಾನಿನಲ್ಲಿ ಇಲ್ಲ. ದುಡ್ಡು ಎಲ್ಲಿಂದ ತರ್ತೀರಿ?"

"ನಾಡದೋಣಿಗೆ ನಿಷೇಧ ಇಲ್ಲವಲ್ಲ, ಅವರ ಮೀನು..." ಎಂದು ಶುರು ಮಾಡಿದ. "ಮಳೆಗಾಲದಲ್ಲಿ ನಾಡದೋಣಿಯ ಮೀನು ನಮ್ಮ ಸಾರಿಗೆ ಸಾಕಾದ್ರೆ ಪುಣ್ಯ ಮಾರಾಯ್ರೆ," ಎಂದು ಅಧ್ಯಕ್ಷರೇ ಗದರಿದರು. "ಪರೀಕ್ಷೆ ಆಗದ ಫ್ರೀಜರಿಗೆ ನಮ್ಮ ಇಡೀ ಸೀಸನಿನ ಮೀನು ಹಾಕಿಸ್ತಿದ್ರಲ್ಲ! ಕೊಳೆತಿದ್ರೆ ಯಾರು ಕೇಳ್ತಾ ಇದ್ದದ್ದು?"

ಆಗ ಅವನು ಎದ್ದ. ನಾನು ಇಪ್ಪತ್ತು ವರ್ಷದಿಂದ ಕಣ್ಣಲ್ಲಿ ಎಣ್ಣೆ ಬಿಟ್ಟು ಕಾಯುತ್ತಿದ್ದ ಕೈ ಮೇಲೆ ಬಂತು, ಬೆರಳು ಹಿಂದಕ್ಕೆ ತಿರುಗಿತು. "ಪ್ಲಾನಿಂಗ್ ಮಾಡಿದ್ದು ಇವರು. ಕೇಳಿ, ಇವರನ್ನೇ ಕೇಳಿ."

ಪ್ಲಾನಿಂಗ್ ಇಂಜಿನಿಯರ್ ಬಾಯಿ ತೆರೆದರು. ಸ್ವರ ಬರಲಿಲ್ಲ. ನನಗೆ ಗೊತ್ತು ಆ ಒಣಗಿದ ನಾಲಿಗೆ. ಮಾತಾಡಿದರೆ ಚೀರಿಬಿಡುತ್ತೇನೆಂದು ತುಟಿ ಕಚ್ಚಿ ಹಿಡಿದೆ.

ನಾನು ಮಾತಾಡಬೇಕಾಗಿ ಬರಲಿಲ್ಲ. "ಅವರನ್ನು ಎಂತಕ್ಕೆ ಕೇಳುದು?" ಎಂದರು ಅಧ್ಯಕ್ಷರು. "ನಿಮ್ಮನ್ನು ಕೇಳದೆ ಒಂದು ದಿನವೂ ಅಲುಗಾಡುದಿಲ್ಲ ಅಂತ ಈಗಷ್ಟೇ ಹೇಳಿದಿರಲ್ಲ. ಪ್ರತಿ ಗೆರೆ ನೋಡಿದ್ದು ನೀವಲ್ವಾ? ಕೂತ್ಕೊಳ್ಳಿ."

ಅವನು ಕೂತ. ಕೂತ ರೀತಿ ನೋಡಿ ನನಗಾದ ಸಂತೋಷವನ್ನು ಬಚ್ಚಿಡುವುದಿಲ್ಲ. ಪಾಪ ಅನ್ನಿಸಬೇಕಿತ್ತು ಎಂದು ಗಂಡ ಆಮೇಲೆ ಹೇಳಿದರು. ಅನ್ನಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಆ ಮುಖ ನೋಡುತ್ತಿರಬೇಕು ಅನ್ನಿಸಿತು.

ಸಮಿತಿ ಅಲ್ಲೇ ತೀರ್ಮಾನಿಸಿತು: ಮುಹೂರ್ತ ಮುಂದಕ್ಕೆ, ಪರೀಕ್ಷೆ ಬೋಟುಗಳು ಕಡಲಿಗಿಳಿದ ಮೇಲೆ, ಉಳಿದ ಖರ್ಚಿನ ಹೊಸ ಲೆಕ್ಕ, ಹೊಸ ಮ್ಯಾನೇಜರ್. ಅಲ್ಲಿಯವರೆಗೆ ಪ್ಲಾನನ್ನು ಮತ್ತೆ ಬರೆಯುವ ಕೆಲಸ ಪ್ಲಾನಿಂಗ್ ಇಂಜಿನಿಯರಿಗೆ, ವರದಿ ನೇರವಾಗಿ ಅಧ್ಯಕ್ಷರಿಗೆ. ಅವರು ತಲೆಯಾಡಿಸಿದರು, ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದು.

ಕೆಳಗೆ ಬಲೆ ಹೆಣೆಯುವವರ ಪಕ್ಕದಲ್ಲಿ ನನ್ನ ಸ್ಕೂಟರ್ ನಿಲ್ಲಿಸಿದ್ದೆ. ಅವನು ಹಿಂದೆಯೇ ಇಳಿದು ಬಂದ. ನಗು ಹೋಗಿತ್ತು, ಅದಿಲ್ಲದೆ ಅವನು ಯಾರೋ ಬೇರೆಯವರ ಹಾಗೆ ಕಂಡ.

"ಹಳೇದನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು ನೀನು, ಅಲ್ವಾ?"

"ಹೌದು," ಎಂದೆ. "ಮೊದಲೇ ಹೇಳಿದ್ದೆನಲ್ಲ, ನೀವೇ ಅಡ್ಡಿ ಇಲ್ಲ ಅಂದದ್ದು. ನಾನು ಕೇಳಿದ್ದರಲ್ಲಿ ಕೇಳಬಾರದ್ದು ಒಂದಾದ್ರೂ ಇದ್ರೆ ಹೇಳಿ, ಈಗಲೇ ಮೇಲೆ ಹೋಗಿ ವರದಿ ಹಿಂದೆ ತೆಗೀತೇನೆ."

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಏನೂ ಸಿಗಲಿಲ್ಲ.

"ಆ ದಿನ ಮಣಿಪಾಲದಲ್ಲಿ," ಎಂದೆ, "ದಿನಾಂಕ ಬದಲಿಸುವ ಅಧಿಕಾರ ಯಾರಿಗುಂಟು ಅಂತ ಅಲ್ಲಿದ್ದವರಲ್ಲಿ ಒಬ್ಬರು ಕೇಳಿದ್ರೆ ಸಾಕಿತ್ತು ಸರ್. ನಾನು ಮನೆಗೆ ಹೋಗಬೇಕಿರಲಿಲ್ಲ."

ಸ್ಕೂಟರ್ ಸ್ಟಾರ್ಟ್ ಮಾಡಿದೆ. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ.